ಪೈಪ್‌ಲೈನ್ ಕೆಲಸಕ್ಕೆ ಕ್ಯೂಎಪಿ: ಮುಂದಿನ ಕೆಲಸ ಎಲ್ಲಿ ನಿಲ್ಲಬೇಕು, ಟೆಸ್ಟ್ ಹಾಳೆಯಲ್ಲಿ ಏನಿರಬೇಕು

ಪ್ರಶ್ನೆ: ಸರ್, ನಾನು ಒಂದು ಬಹುಗ್ರಾಮ ಕುಡಿಯುವ ನೀರಿನ ಯೋಜನೆಯಲ್ಲಿ ಗುತ್ತಿಗೆದಾರರ ಕಡೆಯ ಸೈಟ್ ಎಂಜಿನಿಯರ್. 300 ಮಿ.ಮೀ. ಡಿಐ, ಅಂದರೆ ಡಕ್ಟೈಲ್ ಕಬ್ಬಿಣದ ಪೈಪಿನ ಏರು ಕೊಳವೆ ಮಾರ್ಗ ಹಾಕುತ್ತಿದ್ದೇವೆ. ಕ್ಯೂಎಪಿ, ಅಂದರೆ ಗುಣಮಟ್ಟ ಖಾತ್ರಿ ಯೋಜನೆ ಬರೆದುಕೊಡಿ ಅಂತ ಇಲಾಖೆಯವರು ಕೇಳಿದ್ದಾರೆ. ಹಳೆಯ ಒಂದು ಪ್ರತಿ ಸಿಕ್ಕಿದೆ, ಅದರಲ್ಲಿ 27 ಹೋಲ್ಡ್ ಪಾಯಿಂಟ್ ಇವೆ. ಅಷ್ಟೂ ಬೇಕಾ? ಮೊನ್ನೆ 1,100 ಮೀಟರ್ ಭಾಗಕ್ಕೆ ನೀರು ತುಂಬಿ ಒತ್ತಡ ಕೊಟ್ಟು ಹೈಡ್ರೋ ಟೆಸ್ಟ್ ಮಾಡಿದಾಗ, ಒತ್ತಡ ಉಳಿಸಲು ಎರಡು ಗಂಟೆಯಲ್ಲಿ 14 ಲೀಟರ್ ನೀರು ಸೇರಿಸಬೇಕಾಯಿತು. ನಮ್ಮವರು ಪಾಸ್ ಅನ್ನುತ್ತಾರೆ, ಹೊರಗಿನಿಂದ ಬಂದು ಪರಿಶೀಲಿಸುವ ಥರ್ಡ್ ಪಾರ್ಟಿಯವರು ಫೇಲ್ ಅನ್ನುತ್ತಾರೆ. ಯಾರದು ಸರಿ?

ಉತ್ತರ: ನಿಮ್ಮ ಎರಡನೇ ಪ್ರಶ್ನೆಯ ಬೇರು ಮೊದಲನೆಯದರಲ್ಲೇ ಇದೆ. ಎಷ್ಟು ಸೋರಿದರೆ ಪಾಸ್, ಯಾವ ಸೂತ್ರದಿಂದ ಲೆಕ್ಕ ಎಂದು ಕ್ಯೂಎಪಿಯಲ್ಲಿ ಮೊದಲೇ ಬರೆದಿದ್ದರೆ ಟೆಸ್ಟಿನ ದಿನ ಈ ವಾದವೇ ಬರುತ್ತಿರಲಿಲ್ಲ. ಆದರೂ ಮೊದಲು ಹೋಲ್ಡ್ ಪಾಯಿಂಟ್ ವಿಷಯ ಮುಗಿಸೋಣ.

27 ಹೋಲ್ಡ್ ಪಾಯಿಂಟ್ ಬೇಡವೇ ಬೇಡ. ಹೋಲ್ಡ್ ಎಂದರೆ ಪರಿಶೀಲಿಸುವವರು ಬಂದು ಸಹಿ ಹಾಕುವವರೆಗೆ ಮುಂದಿನ ಕೆಲಸ ನಿಲ್ಲಬೇಕು. ಅವರು ತಡ ಮಾಡಿದರೂ ನಿಲ್ಲಬೇಕು. ವಿಟ್ನೆಸ್ ಪಾಯಿಂಟ್ ಹಾಗಲ್ಲ. ಅಲ್ಲಿ ತಿಳಿಸುವುದು ನಿಮ್ಮ ಕೆಲಸ, ಹೇಳಿದ ಹೊತ್ತಿಗೆ ಅವರು ಬರದಿದ್ದರೆ ನೀವು ಮುಂದುವರಿಯಬಹುದು, ದಾಖಲೆ ಮಾತ್ರ ಇಟ್ಟಿರಬೇಕು. ಎಲ್ಲವನ್ನೂ ಹೋಲ್ಡ್ ಮಾಡಿದರೆ ದಿನಕ್ಕೆ ಇಪ್ಪತ್ತು ಪೈಪು ಇಳಿಸುವ ಗ್ಯಾಂಗು ಕೈಕಟ್ಟಿ ಕೂರುತ್ತದೆ. ಒಂದು ವಾರ ಸಹಿಸುತ್ತಾರೆ, ಎರಡನೇ ವಾರದಿಂದ ಕೆಲಸ ಮಾಡಿ ಆಮೇಲೆ ಸಹಿ ಹಾಕಿಸಿಕೊಳ್ಳುವುದು ಶುರುವಾಗುತ್ತದೆ. ಅಲ್ಲಿಂದ ಮುಂದೆ ನಿಜವಾಗಿ ನಿಲ್ಲಬೇಕಾದ ಕಡೆಯೂ ಯಾರೂ ನಿಲ್ಲುವುದಿಲ್ಲ.

ಹೋಲ್ಡ್ ಎಲ್ಲಿಡಬೇಕು ಎಂದು ತೀರ್ಮಾನಿಸಲು ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಮುಂದಿನ ಕೆಲಸ ಮಾಡಿದ ಮೇಲೆ ಹಿಂದಿನದನ್ನು ನೋಡಲು ಆಗುತ್ತದೆಯೇ? ಟ್ರೆಂಚಿನ ತಳ ಪೈಪು ಇಳಿದ ಮೇಲೆ ಕಾಣುವುದಿಲ್ಲ. ಜಾಯಿಂಟು ಮಣ್ಣು ಮುಚ್ಚಿದ ಮೇಲೆ ಕಾಣುವುದಿಲ್ಲ. ಬೆಂಡು ಮತ್ತು ತುದಿಗಳಲ್ಲಿ ಪೈಪನ್ನು ತಡೆದು ನಿಲ್ಲಿಸುವ ಥ್ರಸ್ಟ್ ಬ್ಲಾಕಿನ ಹಿಂದಿನ ಮಣ್ಣು ಗಟ್ಟಿಯಿತ್ತೋ ಇಲ್ಲವೋ ಕಾಂಕ್ರೀಟ್ ಹಾಕಿದ ಮೇಲೆ ಗೊತ್ತಾಗುವುದಿಲ್ಲ. ಈ ಮೂರು ಹೋಲ್ಡ್. ಇವುಗಳಿಗೆ ಮೊದಲು ಸೈಟಿಗೆ ಬಂದ ಪೈಪುಗಳ ರಿಲೀಸ್, ಆಮೇಲೆ ಹೈಡ್ರೋ ಟೆಸ್ಟ್, ಕೊನೆಯಲ್ಲಿ ನೀರು ಬಿಡುವ ಮುಂಚಿನ ಕ್ಲೋರಿನ್ ಶುದ್ಧೀಕರಣ. ಒಟ್ಟು ಆರು. ಅಗೆತದ ಅಗಲ, ಮಣ್ಣು ಮುಚ್ಚುವಾಗ ಪದರದ ದಪ್ಪ, ವಾಲ್ವ್ ಚೇಂಬರಿನ ಇಟ್ಟಿಗೆ ಕೆಲಸ ಇವೆಲ್ಲ ವಿಟ್ನೆಸ್ ಅಥವಾ ದಾಖಲೆ ಪರಿಶೀಲನೆಗೆ ಸಾಕು.

ಮೊದಲ ಹೋಲ್ಡ್ ಪೈಪಿನ ಲೋಡು ಸೈಟಿಗೆ ಬಂದಾಗ. ಕಾರ್ಖಾನೆಯ ಟೆಸ್ಟ್ ಸರ್ಟಿಫಿಕೇಟು ಐಎಸ್ 8329ಕ್ಕೆ ಸರಿಯಿದೆ ಎಂದು ಕಡತಕ್ಕೆ ಸೇರಿಸಿದರೆ ಸಾಲದು. ಸರ್ಟಿಫಿಕೇಟಿನಲ್ಲಿರುವ ಸಂಖ್ಯೆ ಪೈಪಿನ ಮೇಲಿನ ಗುರುತಿಗೆ ಹೊಂದುತ್ತದೆಯೇ ನೋಡಿ. ನಿಮ್ಮದು ಕೆ9 ದರ್ಜೆ ಅಂತಾದರೆ 300 ಮಿ.ಮೀ. ಪೈಪಿನ ಗೋಡೆಯ ದಪ್ಪ 7.2 ಮಿ.ಮೀ., ಹೊರ ವ್ಯಾಸ 326 ಮಿ.ಮೀ. ಹೊರ ವ್ಯಾಸವನ್ನು ಟೇಪಿನಿಂದ ಸುತ್ತಳತೆ ತೆಗೆದು ಲೆಕ್ಕ ಹಾಕಬಹುದು, 1,024 ಮಿ.ಮೀ. ಆಸುಪಾಸು ಬರಬೇಕು. ಒಳಗಿನ ಸಿಮೆಂಟ್ ಲೈನಿಂಗು ಲಾರಿಯಿಂದ ಇಳಿಸುವಾಗ ಪೆಟ್ಟು ತಿಂದು ಬಿರುಕು ಬಿಟ್ಟಿರುತ್ತದೆ, ಟಾರ್ಚ್ ಹಾಕಿ ನೋಡಬೇಕು. ರಬ್ಬರ್ ರಿಂಗುಗಳನ್ನು ಬಿಸಿಲಿನಲ್ಲಿ ರಾಶಿ ಹಾಕಿದ್ದರೆ ಆ ಲಾಟನ್ನು ಬದಿಗಿಡಿ. ಹೊರಗೆ ಒಂದು ಬೇಸಿಗೆ ಕಳೆದ ರಿಂಗು ಬೆರಳಲ್ಲಿ ಹಿಗ್ಗಿಸಿದಾಗ ಸಣ್ಣ ಬಿರುಕುಗಳನ್ನು ತೋರಿಸುತ್ತದೆ.

ಟ್ರೆಂಚಿನ ತಳದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬಂಡೆ ಇರುವ ಕಡೆ ಮರಳು ಅಥವಾ ಗರಸಿನ ಹಾಸು 100ರಿಂದ 150 ಮಿ.ಮೀ. ಬೇಕು. ಎರೆಮಣ್ಣಿನಲ್ಲಿ ಅಗೆದ ಅದೇ ಮಣ್ಣನ್ನು ಪೈಪಿನ ಸುತ್ತ ತುಂಬಬಾರದು. ಅದು ಮಳೆಗೆ ಉಬ್ಬಿ ಬೇಸಿಗೆಗೆ ಸೀಳುವ ಮಣ್ಣು, ವರ್ಷ ಕಳೆದಂತೆ ಜಾಯಿಂಟನ್ನು ಎಳೆದಾಡುತ್ತದೆ. ಇನ್ನೊಂದು, ಪೈಪಿನ ಅಗಲ ಬಾಯಿ, ಅಂದರೆ ಸಾಕೆಟ್ ಬರುವ ಪ್ರತಿ ಜಾಗದಲ್ಲಿ ಸಣ್ಣ ಗುಂಡಿ ತೆಗೆದಿರಬೇಕು. ಇಲ್ಲದಿದ್ದರೆ 5.5 ಮೀಟರ್ ಪೈಪು ಸಾಕೆಟ್ಟಿನ ಮೇಲೆ ಮಾತ್ರ ಕೂತು ನಡುವೆ ತೇಲುತ್ತದೆ. ಹೋಲ್ಡ್ ಸಹಿಗೆ ಮುಂಚೆ ಕೆಳಗಿಳಿದು ಇದೊಂದನ್ನು ನೋಡಿದರೂ ಸಾಕು, ಗ್ಯಾಂಗು ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಯುತ್ತದೆ.

ಜಾಯಿಂಟಿನ ಹೋಲ್ಡ್ ಮೇಲೆ ನಿಮ್ಮ ಹೆಚ್ಚಿನ ಗಮನ ಇರಲಿ. ಸಾಕೆಟ್ಟಿನ ರಬ್ಬರ್ ರಿಂಗಿನೊಳಗೆ ಪೈಪು ತಳ್ಳಿ ಕೂರಿಸುವ ಪುಶ್-ಆನ್ ಜಾಯಿಂಟಿನಲ್ಲಿ ಕೆಡುವುದು ಮುಖ್ಯವಾಗಿ ಮೂರು ಕಾರಣಕ್ಕೆ. ರಿಂಗಿನ ಮನೆಯಲ್ಲಿ ಮಣ್ಣು ಕೂತಿರುತ್ತದೆ, ಅಥವಾ ತಳ್ಳುವಾಗ ಪೈಪು ವಾರೆಯಾಗಿ ರಿಂಗು ಜಾಗ ಬಿಟ್ಟು ಹೊರಳಿರುತ್ತದೆ, ಅಥವಾ ಕತ್ತರಿಸಿದ ಪೈಪಿನ ತುದಿಯನ್ನು ಸವೆದು ಇಳಿಜಾರು ಮಾಡದೆ ಹಾಗೇ ನುಗ್ಗಿಸಿರುತ್ತಾರೆ, ಅದರ ಚೂಪು ಅಂಚು ರಿಂಗನ್ನು ಕುಯ್ದುಬಿಡುತ್ತದೆ. ಮೊದಲನೆಯದನ್ನು ಜೋಡಿಸುವ ಮುಂಚೆ ನೋಡಬೇಕು. ಎರಡನೆಯದಕ್ಕೆ ತೆಳು ಲೋಹದ ಪಟ್ಟಿಯೊಂದನ್ನು ಸಾಕೆಟ್ ಮತ್ತು ಪೈಪಿನ ನಡುವಿನ ಸಂದಿಗೆ ತೂರಿಸಿ ಸುತ್ತಲೂ ಅಳೆಯಬೇಕು. ಪಟ್ಟಿ ಎಲ್ಲ ಕಡೆ ಒಂದೇ ಆಳಕ್ಕೆ ಹೋಗಿ ರಿಂಗಿಗೆ ತಾಗಬೇಕು. ಒಂದು ಕಡೆ ಹೆಚ್ಚು ಆಳ ಹೋದರೆ ಅಲ್ಲಿ ರಿಂಗು ಸರಿದಿದೆ ಎಂದೇ ಅರ್ಥ, ಬಿಚ್ಚಿ ಹೊಸ ರಿಂಗು ಹಾಕಿ. ಕಾರ್ಖಾನೆಯ ಪೈಪಿನ ತುದಿಯಲ್ಲಿ ಎಷ್ಟು ಒಳ ಹೋಗಬೇಕು ಎಂಬ ಗೆರೆ ಇರುತ್ತದೆ. ಕತ್ತರಿಸಿದ ಪೈಪಿಗೆ ಆ ಗೆರೆ ಹೋಗಿಬಿಟ್ಟಿರುತ್ತದೆ, ನೀವೇ ಅಳೆದು ಬಣ್ಣದಲ್ಲಿ ಎಳೆಯಬೇಕು.

ಇದಕ್ಕಾಗಿ ಜಾಯಿಂಟ್ ರಿಜಿಸ್ಟರ್ ಇಡಿ. ಪ್ರತಿ ಜಾಯಿಂಟಿಗೆ ಒಂದು ಸಾಲು: ಮಾರ್ಗದ ಆರಂಭದಿಂದ ದೂರ ಹೇಳುವ ಚೈನೇಜ್, ಎರಡೂ ಪೈಪುಗಳ ಸಂಖ್ಯೆ, ರಿಂಗಿನ ಲಾಟು, ಪಟ್ಟಿಯ ಅಳತೆ ಮೇಲೆ-ಕೆಳಗೆ-ಎಡ-ಬಲ, ಪೈಪು ಪೂರ್ಣವೋ ಕತ್ತರಿಸಿದ್ದೋ, ಜೋಡಿಸಿದವರ ಹೆಸರು, ದಿನಾಂಕ. ಟ್ರೆಂಚಿನ ಪಕ್ಕದಲ್ಲೇ ನಿಂತು ಬರೆಯಬೇಕು. ಸಂಜೆ ಆಫೀಸಿನಲ್ಲಿ ಕೂತು ಬರೆದ ರಿಜಿಸ್ಟರು ನೋಡಿದರೇ ಗೊತ್ತಾಗುತ್ತದೆ. ಒಂದೇ ಕೈಬರಹ, ಒಂದೇ ಇಂಕು, ಪುಟದಲ್ಲಿ ಮಣ್ಣಿನ ಕಲೆಯೂ ಇಲ್ಲ, ನಾಲ್ಕೂ ದಿಕ್ಕಿನ ಅಳತೆ ಪ್ರತಿ ಸಾಲಿನಲ್ಲೂ ಒಂದೇ ಅಂಕಿ.

ಈ ರಿಜಿಸ್ಟರು ಏಕೆ ಬೇಕು ಎಂದು ನನಗೆ ಮನದಟ್ಟಾದದ್ದು ಬಹಳ ವರ್ಷಗಳ ಹಿಂದೆ, ಉತ್ತರ ಕರ್ನಾಟಕದ ಎರೆ ಸೀಮೆಯ ಒಂದು ಹಳ್ಳಿಯ ಬೀದಿಯಲ್ಲಿ. ನಿಯಮದಂತೆ ಟೆಸ್ಟ್ ಮುಗಿಯುವವರೆಗೆ ಪೈಪಿನ ನಡುಭಾಗಕ್ಕೆ ಮಾತ್ರ ಮಣ್ಣು ಹಾಕಿ ಜಾಯಿಂಟುಗಳನ್ನು ತೆರೆದಿಡಬೇಕು. ಅಲ್ಲಿ ಆಗಲಿಲ್ಲ. ಮನೆ ಬಾಗಿಲ ಮುಂದೆ ಟ್ರೆಂಚು, ಮಕ್ಕಳು ಓಡಾಡುವ ಜಾಗ, ಎತ್ತಿನ ಗಾಡಿ ಹೋಗಬೇಕು. ಅದೇ ದಿನ ಪೂರ್ತಿ ಮುಚ್ಚಿದೆವು. ಹದಿನೈದು ದಿನ ಬಿಟ್ಟು ಟೆಸ್ಟಿಗೆ ಒತ್ತಡ ಏರಿಸಿದರೆ ನಿಲ್ಲುತ್ತಿಲ್ಲ. ಬೀದಿಯಡಿ ಅರವತ್ತಕ್ಕೂ ಹೆಚ್ಚು ಜಾಯಿಂಟುಗಳು, ಎಲ್ಲಿಂದ ಅಗೆಯುವುದು? ಎರೆಮಣ್ಣು ನೀರು ಹೀರಿಕೊಂಡುಬಿಡುತ್ತದೆ, ಮೇಲೆ ಒದ್ದೆಯೂ ಕಾಣುವುದಿಲ್ಲ. ರಿಜಿಸ್ಟರಿನಲ್ಲಿ ಕತ್ತರಿಸಿದ ಪೈಪು ಎಂದು ಬರೆದ ಮೂರು ಸಾಲು ಸಿಕ್ಕವು. ಆ ಮೂರನ್ನೇ ಮೊದಲು ಅಗೆಸಿದೆ. ಎರಡನೆಯದರಲ್ಲಿ ನೀರು ಚಿಮ್ಮುತ್ತಿತ್ತು, ರಿಂಗು ಅರ್ಧ ಸುತ್ತು ಕುಯ್ದಿತ್ತು. ಜೋಡಿಸಿದ ಹುಡುಗನಿಗೆ ಗ್ರೈಂಡರ್ ಕೊಟ್ಟಿರಲಿಲ್ಲ, ಹೇಳಿಕೊಟ್ಟೂ ಇರಲಿಲ್ಲ. ಅಂದಿನಿಂದ ಕತ್ತರಿಸಿದ ಪೈಪಿನ ಜಾಯಿಂಟು ಮಾತ್ರ ನನ್ನ ಕ್ಯೂಎಪಿಯಲ್ಲಿ ಪ್ರತಿಯೊಂದೂ ಹೋಲ್ಡ್. ಉಳಿದ ಜಾಯಿಂಟುಗಳಿಗೆ ಒಂದು ದಿನದ ಕೆಲಸಕ್ಕೆ ಸೇರಿಸಿ ಒಂದು ಹೋಲ್ಡ್ ಇಡುತ್ತೇನೆ, ಸಂಜೆ ಒಮ್ಮೆಗೇ ನೋಡಿ ಸಹಿ ಮಾಡಬಹುದು.

ಥ್ರಸ್ಟ್ ಬ್ಲಾಕನ್ನು ಹಗುರವಾಗಿ ತೆಗೆದುಕೊಳ್ಳುವವರು ಒಮ್ಮೆ ಈ ಲೆಕ್ಕ ಮಾಡಿ ನೋಡಲಿ. ಹೊರ ವ್ಯಾಸ 326 ಮಿ.ಮೀ. ಎಂದರೆ ಅಡ್ಡಕೊಯ್ತದ ವಿಸ್ತೀರ್ಣ 835 ಚದರ ಸೆಂ.ಮೀ. ಟೆಸ್ಟಿನಲ್ಲಿ ಚದರ ಸೆಂಟಿಮೀಟರಿಗೆ 12 ಕೆ.ಜಿ. ಒತ್ತಡ ಇದ್ದರೆ ತುದಿಯ ಎಂಡ್ ಕ್ಯಾಪನ್ನು ಹೊರಗೆ ತಳ್ಳುವ ಬಲ ಸುಮಾರು 10 ಟನ್. 90 ಡಿಗ್ರಿ ಬೆಂಡಿನಲ್ಲಿ ಅದು 14 ಟನ್ ದಾಟುತ್ತದೆ. ಪುಶ್-ಆನ್ ಜಾಯಿಂಟು ಈ ಎಳೆತವನ್ನು ತಡೆಯುವುದಿಲ್ಲ, ರಬ್ಬರ್ ರಿಂಗು ನೀರನ್ನು ಮಾತ್ರ ತಡೆಯುತ್ತದೆ. ಆದ್ದರಿಂದ ಬ್ಲಾಕು ಕದಲದ ಮೂಲ ಮಣ್ಣಿಗೆ ಒತ್ತಿ ನಿಂತಿರಬೇಕು, ತುಂಬಿದ ಮಣ್ಣಿಗಲ್ಲ. ಜೆಸಿಬಿಯವರು ಬೆಂಡಿನ ಹಿಂದೆ ಹೆಚ್ಚು ಅಗೆದು ಮತ್ತೆ ತುಂಬಿರುತ್ತಾರೆ, ಹೋಲ್ಡಿನಲ್ಲಿ ನೋಡಬೇಕಾದದ್ದು ಅದನ್ನೇ. ಕಾಂಕ್ರೀಟ್ ಹಾಕಿ ಏಳು ದಿನವಾದರೂ ಕಳೆಯದೆ ಟೆಸ್ಟ್ ಬೇಡ. ಟೆಸ್ಟ್ ನಡೆಯುವಾಗ ಎಂಡ್ ಕ್ಯಾಪಿನ ಎದುರು ಯಾರೂ ನಿಲ್ಲಬಾರದು, ಇದನ್ನು ಟೆಸ್ಟ್ ಹಾಳೆಯ ಮೊದಲ ಸಾಲಾಗಿ ಬರೆಯಿರಿ. ಮುಚ್ಚಿದ ಸ್ಲೂಯಿಸ್ ವಾಲ್ವಿಗೆ ಒತ್ತಡ ಕೊಟ್ಟು ಟೆಸ್ಟ್ ಮಾಡಬೇಡಿ. ಅದು ಸ್ವಲ್ಪ ಒಸರಿದರೂ ನಿಮ್ಮ ಲೆಕ್ಕ ಕೆಡುತ್ತದೆ, ಬ್ಲೈಂಡ್ ಫ್ಲೇಂಜ್ ಹಾಕಿ.

ಈಗ ನಿಮ್ಮ 14 ಲೀಟರಿಗೆ ಬರೋಣ. ನೀವು ಒತ್ತಡ ಬರೆದಿಲ್ಲ, ಆದ್ದರಿಂದ ಸಾಮಾನ್ಯವಾಗಿ ಇರುವಂತೆ ಹಿಡಿದು ತೋರಿಸುತ್ತೇನೆ. ಕೆಲಸದ ಒತ್ತಡ ತಗ್ಗಿನ ತುದಿಯಲ್ಲಿ 8 ಕೆ.ಜಿ., ಅದರ ಒಂದೂವರೆ ಪಟ್ಟು 12 ಟೆಸ್ಟ್ ಒತ್ತಡ. ಎತ್ತರದ ತುದಿ 20 ಮೀಟರ್ ಮೇಲಿದ್ದರೆ ಅಲ್ಲಿ 10 ಕೆ.ಜಿ. ಮಾತ್ರ ಇರುತ್ತದೆ. ಸರಾಸರಿ 11. ಪೈಪು 5.5 ಮೀಟರಿನದಾದರೆ 1,100 ಮೀಟರಿಗೆ 200 ಜಾಯಿಂಟು.

ನಮ್ಮಲ್ಲಿ ಟೆಂಡರುಗಳಲ್ಲಿ ಎರಡು ಸೂತ್ರ ಓಡಾಡುತ್ತವೆ. ಒಂದು ಜಾಯಿಂಟಿನ ಸಂಖ್ಯೆಯ ಮೇಲಿನದು, ಇದರಲ್ಲಿ Q ಒಪ್ಪಬಹುದಾದ ಸೋರಿಕೆ, N ಜಾಯಿಂಟಿನ ಸಂಖ್ಯೆ, D ಮಿ.ಮೀ.ನಲ್ಲಿ ವ್ಯಾಸ, P ಸರಾಸರಿ ಒತ್ತಡ:

```
Q = N × D × √P ÷ 3.3
  = 200 × 300 × √11 ÷ 3.3
  ≈ 60,300
```

ಇದು ಗಂಟೆಗೆ ಘನ ಸೆಂಟಿಮೀಟರಿನಲ್ಲಿ, ಅಂದರೆ ಗಂಟೆಗೆ 60 ಲೀಟರ್. ಇನ್ನೊಂದು ಉದ್ದದ ಮೇಲಿನದು: ವ್ಯಾಸದ ಪ್ರತಿ ಮಿಲಿಮೀಟರಿಗೆ, ಪ್ರತಿ ಕಿಲೋಮೀಟರಿಗೆ, ಪ್ರತಿ 30 ಮೀಟರ್ ಒತ್ತಡಕ್ಕೆ ದಿನಕ್ಕೆ 0.1 ಲೀಟರ್. 11 ಕೆ.ಜಿ. ಎಂದರೆ 110 ಮೀಟರ್ ನೀರಿನೆತ್ತರದ ಒತ್ತಡ, ಅದನ್ನು ಹಿಡಿದರೆ:

```
Q = 0.1 × 300 × 1.1 × (110 ÷ 30)
  = 121
```

ಇದು ದಿನಕ್ಕೆ, ಅಂದರೆ ಗಂಟೆಗೆ ಸುಮಾರು 5 ಲೀಟರ್. ಒಂದೇ ಪೈಪು, ಒಂದೇ ಟೆಸ್ಟು, ಮಿತಿಯಲ್ಲಿ ಹನ್ನೆರಡು ಪಟ್ಟು ಅಂತರ. ನಿಮ್ಮದು ಗಂಟೆಗೆ 7 ಲೀಟರ್. ನಿಮ್ಮವರು ಮೊದಲನೆಯದನ್ನು ಹಿಡಿದು ಪಾಸ್ ಅಂದರು, ಥರ್ಡ್ ಪಾರ್ಟಿಯವರು ಎರಡನೆಯದನ್ನು ಹಿಡಿದು ಫೇಲ್ ಅಂದರು ಎಂದು ನನ್ನ ಊಹೆ. ಕಾಗದದ ಮೇಲೆ ಗೆಲ್ಲುವುದು ಕರಾರಿನಲ್ಲಿ ಯಾವುದು ಬರೆದಿದೆಯೋ ಅದು. ಆದರೆ ನನ್ನ ಅಭಿಪ್ರಾಯ ಕೇಳಿದರೆ, ರಬ್ಬರ್ ರಿಂಗಿನ ಡಿಐ ಜಾಯಿಂಟಿಗೆ ಮೊದಲ ಸೂತ್ರ ತೀರಾ ಸಡಿಲ. ಸರಿಯಾಗಿ ಕೂತ ರಿಂಗು ಸೋರುವುದೇ ಇಲ್ಲ. ಗಂಟೆಗೆ 60 ಲೀಟರ್ ಸೋರಿಕೆ ಇನ್ನೂರು ಜಾಯಿಂಟಿಗೂ ಹಂಚಿಕೊಂಡು ಹೋಗುವುದಿಲ್ಲ, ಅದು ಒಂದೆರಡು ಕೆಟ್ಟ ಜಾಯಿಂಟಿನಿಂದ ಬರುತ್ತದೆ. ಆ ಸೂತ್ರದಲ್ಲಿ ನಾನು ಮೇಲೆ ಹೇಳಿದ ಕುಯ್ದ ರಿಂಗು ಕೂಡ ಪಾಸಾಗಬಹುದು. ನಿಮ್ಮ ಕ್ಯೂಎಪಿಯಲ್ಲಿ ಎರಡನೆಯದನ್ನು ಬರೆಯಿರಿ, ಇಲಾಖೆಯಿಂದ ಒಪ್ಪಿಗೆ ಪಡೆಯಿರಿ.

ಹಾಗೆಂದು ನಿಮ್ಮ ಪೈಪು ಸೋರುತ್ತಿದೆ ಎಂದು ಇಷ್ಟರಲ್ಲೇ ಹೇಳಲಾರೆ. 14 ಲೀಟರ್ ಎಲ್ಲಿ ಹೋಯಿತು ಎಂಬುದಕ್ಕೆ ಸೋರಿಕೆ ಬಿಟ್ಟು ಇನ್ನೆರಡು ಉತ್ತರ ಇವೆ. ಒಂದು, ಒಣ ಸಿಮೆಂಟ್ ಲೈನಿಂಗು ನೀರು ಕುಡಿಯುತ್ತದೆ. ನೀರು ತುಂಬಿ ಕಡಿಮೆ ಒತ್ತಡದಲ್ಲಿ 24 ಗಂಟೆ ಬಿಟ್ಟಿದ್ದಿರಾ? ಬೆಳಿಗ್ಗೆ ತುಂಬಿ ಮಧ್ಯಾಹ್ನ ಟೆಸ್ಟ್ ಮಾಡಿದ್ದರೆ ಆ ಅಂಕಿಯನ್ನು ಸೋರಿಕೆ ಎಂದು ಓದುವಂತಿಲ್ಲ. ಎರಡು, ಒಳಗೆ ಸಿಕ್ಕಿಕೊಂಡ ಗಾಳಿ. ಗಾಳಿ ಇದ್ದರೆ ಒತ್ತಡ ಇಳಿಯುವುದೂ ನಿಧಾನ, ಏರುವುದೂ ನಿಧಾನ. ಗೇಜು ಚೆನ್ನಾಗಿ ನಿಂತಂತೆ ಕಾಣುತ್ತದೆ, ನಿಜವಾದ ಸೋರಿಕೆ ಮರೆಯಾಗುತ್ತದೆ. ಆದ್ದರಿಂದ ಗಾಳಿ ಇದೆಯೇ ಎಂದು ಮೊದಲು ನೋಡಬೇಕು, ಅದಕ್ಕೊಂದು ಸುಲಭ ದಾರಿ ಇದೆ.

ನಿಮ್ಮ 1,100 ಮೀಟರಿನಲ್ಲಿ ಸುಮಾರು 78 ಘನ ಮೀಟರ್ ನೀರು ಹಿಡಿಯುತ್ತದೆ. ನೀರು ಸ್ವಲ್ಪ ಕುಗ್ಗುತ್ತದೆ, ಪೈಪು ಸ್ವಲ್ಪ ಹಿಗ್ಗುತ್ತದೆ. ಇವೆರಡನ್ನೂ ಸೇರಿಸಿ ಲೆಕ್ಕ ಹಾಕಿದರೆ, ಗಾಳಿಯೇ ಇಲ್ಲದ ಈ ಪೈಪಿನಲ್ಲಿ ಒತ್ತಡ 1 ಕೆ.ಜಿ. ಇಳಿಸಲು ಸುಮಾರು ಐದೂವರೆ ಲೀಟರ್ ನೀರು ಹೊರತೆಗೆಯಬೇಕು. ಟೆಸ್ಟಿಗೆ ಮುಂಚೆ 12ಕ್ಕೆ ಏರಿಸಿ, ಪಂಪ್ ನಿಲ್ಲಿಸಿ, ನಲ್ಲಿ ತೆರೆದು ಗೇಜು 11ಕ್ಕೆ ಬರುವವರೆಗೆ ನೀರನ್ನು ಅಳತೆಯ ಪಾತ್ರೆಗೆ ಹಿಡಿಯಿರಿ. ಐದೂವರೆಯಿಂದ ಆರೂವರೆ ಲೀಟರ್ ಒಳಗೆ ಬಂದರೆ ಟೆಸ್ಟ್ ಶುರು ಮಾಡಿ. ಹದಿನೈದು, ಇಪ್ಪತ್ತು ಲೀಟರ್ ಬಂದರೆ ಒಳಗೆ ಗಾಳಿ ಇದೆ. ಎತ್ತರದ ಜಾಗಗಳಲ್ಲಿ ಗಾಳಿ ಹೊರಬಿಟ್ಟು, ತಗ್ಗಿನ ತುದಿಯಿಂದ ನಿಧಾನವಾಗಿ ಮತ್ತೆ ತುಂಬಬೇಕು. ಈ ಒಂದು ಅಂಕಿಯನ್ನು ಟೆಸ್ಟ್ ಹಾಳೆಯಲ್ಲಿ ಬರೆಯುವವರನ್ನು ನಾನು ಬಹಳ ಕಡಿಮೆ ನೋಡಿದ್ದೇನೆ, ಆದರೆ ಉಳಿದ ಅಂಕಿಗಳನ್ನೆಲ್ಲ ನಂಬುವಂತೆ ಮಾಡುವುದು ಇದೇ.

ಇದರಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಗಂಟೆಗೆ 5 ಲೀಟರ್ ಎಂಬ ಮಿತಿ ಈ ಪೈಪಿನಲ್ಲಿ ಗಂಟೆಗೆ 1 ಕೆ.ಜಿ.ಗಿಂತ ಸ್ವಲ್ಪ ಕಡಿಮೆ ಇಳಿತಕ್ಕೆ ಸಮ. 0ಯಿಂದ 40ರವರೆಗಿನ, 1 ಕೆ.ಜಿ.ಗೊಂದು ಗೆರೆ ಇರುವ ಗೇಜಿನಲ್ಲಿ ಅದನ್ನು ಓದಲು ಬರುವುದಿಲ್ಲ. 0-16ರ ಗೇಜು, 0.2 ಕೆ.ಜಿ. ಗೆರೆಗಳದ್ದು ತನ್ನಿ, ಎರಡು ತನ್ನಿ, ಒಂದು ತಗ್ಗಿನ ತುದಿಗೆ, ಒಂದು ಎತ್ತರದ ತುದಿಗೆ. ಎರಡರ ಓದಿನ ಅಂತರ ಎತ್ತರದ ಅಂತರಕ್ಕೆ, ಅಂದರೆ 2 ಕೆ.ಜಿ.ಗೆ ಹೊಂದದಿದ್ದರೆ ಯಾವುದೋ ಒಂದು ಗೇಜು ತಪ್ಪು. ನೀರು ಸೇರಿಸುವುದನ್ನು 200 ಲೀಟರ್ ಡ್ರಮ್ಮಿನ ಮಟ್ಟ ನೋಡಿ ಅಳೆಯಬೇಡಿ. ಅದರಲ್ಲಿ ಒಂದು ಸೆಂಟಿಮೀಟರ್ ಎಂದರೆ ಎರಡೂವರೆ ಲೀಟರ್, ಕಣ್ಣಳತೆಯ ತಪ್ಪೇ ನಿಮ್ಮ ಮಿತಿಯ ಅರ್ಧ ತಿನ್ನುತ್ತದೆ. ಒಂದು ಲೀಟರ್ ಜಗ್ಗಿನಲ್ಲಿ ಎಣಿಸಿ ಹಾಕಿ.

ಟೆಸ್ಟ್ ಹಾಳೆಯಲ್ಲಿ ಏನಿರಬೇಕು ಎಂಬುದಕ್ಕೆ ನನ್ನ ಅಳತೆ ಹೀಗೆ: ಟೆಸ್ಟ್ ನೋಡಿರದ ಒಬ್ಬ ಎಂಜಿನಿಯರ್ ಐದು ವರ್ಷ ಬಿಟ್ಟು ಆ ಹಾಳೆಯೊಂದನ್ನೇ ಹಿಡಿದು ಪಾಸೋ ಫೇಲೋ ಎಂದು ತಾನೇ ಲೆಕ್ಕ ಹಾಕಲು ಆಗಬೇಕು. ಆದ್ದರಿಂದ ಎರಡೂ ತುದಿಯ ಚೈನೇಜ್ ಮತ್ತು ನೆಲಮಟ್ಟ, ಜಾಯಿಂಟ್ ಸಂಖ್ಯೆ, ನೀರು ತುಂಬಿ ಮುಗಿದ ದಿನ ಮತ್ತು ಹೊತ್ತು, ಎರಡೂ ಗೇಜಿನ ಕ್ರಮಸಂಖ್ಯೆ ಹಾಗೂ ಕ್ಯಾಲಿಬ್ರೇಷನ್ ಅವಧಿ, ಗಾಳಿ ಪರೀಕ್ಷೆಯ ಲೀಟರ್, ಹದಿನೈದು ನಿಮಿಷಕ್ಕೊಮ್ಮೆ ಎರಡೂ ಗೇಜಿನ ಓದು, ಪ್ರತಿ ಬಾರಿ ಸೇರಿಸಿದ ನೀರು, ಬಳಸಿದ ಸೂತ್ರ, ಮಿತಿ, ಫಲಿತಾಂಶ, ಸಹಿಗಳು ಹೊತ್ತಿನ ಸಮೇತ. ಎರಡು ಗಂಟೆಯ ಎಲ್ಲ ಓದೂ ಕರಾರುವಾಕ್ಕಾಗಿ 12.0 ಎಂದು, ಸೇರಿಸಿದ ನೀರು ಸೊನ್ನೆ ಎಂದು ಇರುವ ಹಾಳೆ ಕಂಡರೆ ನಾನು ಮತ್ತೆ ಟೆಸ್ಟ್ ಕೇಳುತ್ತೇನೆ. ನಿಜವಾದ ಪೈಪಿನಲ್ಲಿ ಬಿಸಿಲು ಏರಿದಂತೆ, ಲೈನಿಂಗು ಕುಡಿದಂತೆ ಕೊನೆಯ ಗೆರೆ ಅಲುಗುತ್ತಲೇ ಇರುತ್ತದೆ. ಫೇಲಾದ ಟೆಸ್ಟಿನ ಹಾಳೆಯನ್ನೂ ಕಡತದಲ್ಲಿಡಿ. ಯಾವ ಜಾಯಿಂಟು ಬಿಚ್ಚಿದಿರಿ, ಏನು ಕಂಡಿತು, ಮತ್ತೆ ಎಷ್ಟು ಬಂತು ಎಂದು ಅದರ ಹಿಂದೆ ಬರೆಯಿರಿ.

ಹೋಲ್ಡ್ ಬಿಡುಗಡೆಗೆ ಸಮಯವನ್ನೂ ಕ್ಯೂಎಪಿಯಲ್ಲಿ ಕಟ್ಟಿಹಾಕಿ. ಟ್ರೆಂಚು ಮತ್ತು ಜಾಯಿಂಟಿಗೆ ಹಿಂದಿನ ಸಂಜೆ ತಿಳಿಸುವುದು, ಹೈಡ್ರೋ ಟೆಸ್ಟಿಗೆ 48 ಗಂಟೆ ಮುಂಚೆ ತಿಳಿಸುವುದು ಎಂದು ನಾನು ಬರೆಯುತ್ತೇನೆ. ಪ್ರತಿ ಹೋಲ್ಡಿಗೂ ಸಹಿ ಮಾಡಬಲ್ಲ ಇಬ್ಬರ ಹುದ್ದೆ ಇರಬೇಕು, ಒಬ್ಬರು ರಜೆಯಲ್ಲಿದ್ದರೆ ಇನ್ನೊಬ್ಬರು ಬರುವಂತೆ. ಸಹಿ ಮಾಡುವವರು ಬಾರದೆ ಗ್ಯಾಂಗು ಕಾದರೆ ಆ ಗಂಟೆಗಳನ್ನು ಡೈರಿಯಲ್ಲಿ ಬರೆಯಿರಿ. ಅವಧಿ ವಿಸ್ತರಣೆ ಕೇಳುವಾಗ ಅದೇ ನಿಮ್ಮ ಆಧಾರ, ಹೋಲ್ಡ್ ಮೀರಲು ಮಾತ್ರ ಅದು ಆಧಾರವಲ್ಲ. ಜೊತೆಗೆ, ಕೆಲಸ ನಡೆದಂತೆ ಸಲ್ಲಿಸುವ ಆರ್‌ಎ ಬಿಲ್ಲಿಗೆ ಜಾಯಿಂಟ್ ರಿಜಿಸ್ಟರ್ ಪುಟದ ಪ್ರತಿ ಲಗತ್ತಿಸದೆ ಪೈಪು ಹಾಕಿದ ಉದ್ದವನ್ನು ಅಳತೆ ಪುಸ್ತಕವಾದ ಎಂಬಿಯಲ್ಲಿ ದಾಖಲಿಸುವಂತಿಲ್ಲ ಎಂಬ ಒಂದು ಸಾಲನ್ನು ಇಲಾಖೆಯವರಿಂದಲೇ ಹಾಕಿಸಿ. ಹಣಕ್ಕೆ ಕಟ್ಟಿದ ದಾಖಲೆಯನ್ನು ಮೇಸ್ತ್ರಿಯೂ ಅದೇ ದಿನ ಬರೆಯುತ್ತಾನೆ.

ಕೊನೆಯ ಹೋಲ್ಡಿಗೆ ಒಂದು ಅಂಕಿ ಕೊಡುತ್ತೇನೆ. ಅಮೆರಿಕದ ಎಡಬ್ಲ್ಯುಡಬ್ಲ್ಯುಎ ಪದ್ಧತಿಯಂತೆ ಲೀಟರಿಗೆ 25 ಮಿ.ಗ್ರಾಂ. ಕ್ಲೋರಿನ್ ಇರುವ ನೀರನ್ನು 24 ಗಂಟೆ ನಿಲ್ಲಿಸಿ, ಆಮೇಲೂ 10 ಮಿ.ಗ್ರಾಂ. ಉಳಿದಿದೆಯೇ ನೋಡುತ್ತಾರೆ. ನಿಮ್ಮ 78 ಘನ ಮೀಟರಿಗೆ 30 ಶೇಕಡಾ ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ ಆರೂವರೆ ಕೆ.ಜಿ. ಬೇಕು. ಹಳೆಯ ಚೀಲದಲ್ಲಿ ಅಷ್ಟು ಕ್ಲೋರಿನ್ ಉಳಿದಿರುವುದಿಲ್ಲ, ಹೊಸದು ತೆರೆಯಿರಿ. ತೊಳೆದ ಮೇಲೆ ತೆಗೆದ ಮಾದರಿಯಲ್ಲಿ ಐಎಸ್ 10500ರಂತೆ 100 ಮಿ.ಲೀ.ಗೆ ಇ. ಕೋಲಿ ಇರಲೇಬಾರದು. ಆ ಲ್ಯಾಬ್ ವರದಿ ಕೈಗೆ ಬರುವ ಮುಂಚೆ ಟ್ಯಾಂಕಿಗೆ ಸಂಪರ್ಕ ಕೊಡಬೇಡಿ.

ಸದ್ಯಕ್ಕೆ ನಿಮ್ಮ 1,100 ಮೀಟರಿನ ಮಣ್ಣು ಮುಚ್ಚಿಸಬೇಡಿ. ತುಂಬಿದ ನೀರನ್ನು ಹಾಗೇ ಇನ್ನೊಂದು ದಿನ ಬಿಟ್ಟು, ನಾಳಿದ್ದು ಬಿಸಿಲೇರುವ ಮುಂಚೆ ಗಾಳಿ ಪರೀಕ್ಷೆ ಮಾಡಿ ಮತ್ತೆ ಎರಡು ಗಂಟೆ ಟೆಸ್ಟ್ ಹಿಡಿಯಿರಿ. ಗಂಟೆಗೆ 7 ಇದ್ದದ್ದು 2ಕ್ಕೋ 3ಕ್ಕೋ ಇಳಿದರೆ ಅದು ಲೈನಿಂಗು ಕುಡಿದದ್ದು. ಮತ್ತೆ 7ರಲ್ಲೇ ನಿಂತರೆ ರಿಜಿಸ್ಟರು ತೆಗೆದು ಕತ್ತರಿಸಿದ ಪೈಪಿನ ಜಾಯಿಂಟುಗಳಿಂದ ಹುಡುಕಲು ಶುರು ಮಾಡಿ.